ಸ್ಯಾನಿಟೈಸರ್ ಹಚ್ಚಿದ್ರೂ ನೆಗಡಿ ಯಾಕ ಹತ್ತತೈತಿ? ಸೋಪು, ಸಿಂಬಳ ಮತ್ತ ಮುಖ ಮುಟ್ಟೂ ಚಟ

ಮಳಿಗಾಲ ಹಿಡಿದ ಕೂಡ್ಲೆ ಹುಬ್ಬಳ್ಳಿ-ಧಾರವಾಡದಾಗ ಸಾಲಿ ಹುಡುಗ್ರ ಬ್ಯಾಗಿನ್ಯಾಗ ನೀರಿನ ಬಾಟ್ಲಿ, ಟಿಫಿನ್ ಡಬ್ಬಿ ಜೋಡಿ ಒಂದು ಸಣ್ಣ ಸ್ಯಾನಿಟೈಸರ್ ಬಾಟ್ಲಿನೂ ಹೋಗ್ತೈತಿ. ಕೊರೋನಾ ಕಾಲದಾಗ ಹತ್ತಿದ ರೂಢಿ ಇದು, ಇನ್ನೂ ಭಾಳ ಮನಿಯೊಳಗ ಉಳದೈತಿ. ತಾಯಂದ್ರು ದಿನಾ ಹೇಳಿ ಕಳಸ್ತಾರ, ಹುಡುಗ್ರೂ ಹಚ್ಕೋತಾರ, ಆದ್ರೂ ಮಳಿ ಶುರುವಾಗಿ ಸ್ವಲ್ಪ ದಿನದಾಗ ಅರ್ಧ ಕ್ಲಾಸಿಗೆ ಕ್ಲಾಸ ಮೂಗು ಸೋರಿಸ್ಕೊಂಡು ಕುಂತಿರ್ತೈತಿ, ಆಮ್ಯಾಲೆ ಅದು ಮನಿಗೆ ಬಂದು ಅಪ್ಪ, ಅವ್ವ, ಅಜ್ಜಿ ಎಲ್ಲಾರನ್ನೂ ಒಂದು ರೌಂಡ್ ಹಾಕಿ ಹೋಗ್ತೈತಿ. "ಇಷ್ಟ ಹಚ್ಚಿದ್ವಲ್ರಿ, ಆದ್ರೂ ಬಂತಲ್ಲ" ಅಂತ ಕೇಳೂ ಮಂದಿ ಭಾಳ. ಕೇಳೂದು ಬರೋಬ್ಬರಿ ಐತಿ, ಮತ್ತ ಉತ್ತರಾನೂ ಐತಿ, ಆದ್ರ ಅದು ಒಂದು ಸಾಲಿನ್ಯಾಗ ಮುಗಿಯೂ ಉತ್ತರ ಅಲ್ಲ. ಯಾವ ವೈರಸ್ಸು, ಕೈ ಒಣಗಿತ್ತೋ ಹಸಿ ಇತ್ತೋ, ಆ ಕೈ ಆಮ್ಯಾಲೆ ಎಲ್ಲಿಗೆ ಹೋತು, ಈ ಮೂರೂ ನೋಡ್ಬೇಕು.

ಮೊದಲು ವೈರಸ್ಸಿನ ವಿಚಾರ. ನಾವು ನೆಗಡಿ ಅಂತ ಒಂದ ಹೆಸರಿನಿಂದ ಕರಿಯೂದು ಒಂದ ರೋಗ ಅಲ್ಲ, ಅದರ ಹಿಂದ ಭಾಳ ಥರದ ವೈರಸ್ ಅದಾವು. ಅವುಗಳೊಳಗ ಎಲ್ಲಕ್ಕಿಂತ ದೊಡ್ಡ ಪಾಲು ರೈನೋವೈರಸ್ಸಿಂದು. ಇದರೊಳಗ 160ಕ್ಕಿಂತ ಹೆಚ್ಚು ಬಗಿ ಅದಾವು, ಅದಕ್ಕ ಒಂದು ಸಲ ಬಂದು ಹೋದ್ರೂ ಮತ್ತ ಮತ್ತ ಬರ್ತೈತಿ, ಅದಕ್ಕ ಲಸಿಕಿನೂ ಬಂದಿಲ್ಲ. ಫ್ಲೂ, ಕೊರೋನಾ ಇಂಥಾ ವೈರಸ್ಸುಗಳ ಮ್ಯಾಲೆ ಕೊಬ್ಬಿನ ಒಂದು ತೆಳ್ಳನ ಹೊದಿಕಿ ಇರ್ತೈತಿ. ಆಲ್ಕೋಹಾಲ್ ತಗಲಿದ ಕೂಡ್ಲೆ ಆ ಹೊದಿಕಿ ಕರಗಿ ಹರಿದು ಹೋಗ್ತೈತಿ, ವೈರಸ್ ಅಲ್ಲಿಗೆ ಕೆಲಸಕ್ಕ ಬಾರದಂಗ ಆಗ್ತೈತಿ. ಕೊರೋನಾ ಟೈಮಿನ್ಯಾಗ ಸ್ಯಾನಿಟೈಸರ್ ಮ್ಯಾಲೆ ನಮಗ ಅಷ್ಟು ನಂಬಿಕಿ ಬಂದಿದ್ದು ಇದಕ್ಕ, ಮತ್ತ ಆ ನಂಬಿಕಿ ಸುಳ್ಳೇನೂ ಅಲ್ಲ. ಆದ್ರ ರೈನೋವೈರಸ್ಸಿಗೆ ಆ ಕೊಬ್ಬಿನ ಹೊದಿಕಿನ ಇಲ್ಲ, ಅದಕ್ಕಿರೂದು ಬರೇ ಪ್ರೋಟೀನಿನ ಗಟ್ಟಿ ಚಿಪ್ಪು. ಆಲ್ಕೋಹಾಲಿಗೆ ಕರಗಸ್ಲಿಕ್ಕೆ ಅಲ್ಲಿ ಕೊಬ್ಬು ಸಿಗಂಗಿಲ್ಲ, ಪ್ರೋಟೀನನ್ನ ಕೆಡಸ್ಬೇಕು, ಅದಕ್ಕ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣ ಬೇಕಾಗ್ತೈತಿ. ಕಣ್ಣು ಬೇನೆ ತರೂ ಅಡಿನೋವೈರಸ್, ವಾಂತಿ-ಭೇದಿ ತರೂ ನೋರೋವೈರಸ್ ಇವೂ ಇದ ಜಾತಿ, ಹೊದಿಕಿ ಇಲ್ಲದವು.

ಹಂಗಾರ ಸ್ಯಾನಿಟೈಸರ್ ರೈನೋವೈರಸ್ಸಿಗೆ ಪೂರಾ ದಂಡನ? ಇಲ್ಲಿ ಸಂಶೋಧನೆ ಒಂದಕ್ಕೊಂದು ಎದುರಾ ಬದುರಾ ನಿಂತಾವು. ಅಮೆರಿಕಾದ ವರ್ಜೀನಿಯಾ ಯೂನಿವರ್ಸಿಟಿಯವರು 2010ರಾಗ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಮಂದಿ ಕೈಗೆ ರೈನೋವೈರಸ್ ಹಚ್ಚಿ ಒಂದಿಷ್ಟು ಮಂದಿಗೆ ಸೋಪು ನೀರು, ಒಂದಿಷ್ಟು ಮಂದಿಗೆ ಎಥನಾಲ್ ಸ್ಯಾನಿಟೈಸರ್ ಕೊಟ್ಟು ನೋಡಿದ್ರ ಅಲ್ಲಿ ಗೆದ್ದಿದ್ದು ಸ್ಯಾನಿಟೈಸರ್. ಎರಡ ವರ್ಷದಾಗ, 2012ರಾಗ, ಫಿನ್‌ಲ್ಯಾಂಡಿನವರು ಅದಕ್ಕ ಪೂರಾ ಉಲ್ಟಾ ಹೇಳಿದ್ರು: ಒಂದ ಸಲ ಎಥನಾಲ್ ಹಚ್ಚಿ ತಿಕ್ಕಿದ್ರ ರೈನೋವೈರಸ್ ಹೋಗಂಗಿಲ್ಲ, ಸೋಪು ನೀರಿನಿಂದ ತೊಳದ್ರ ಚೊಲೋತ್ನಂಗ ಹೋಗ್ತೈತಿ ಅಂತ. ಇದನ್ನ ಓದಿದವ್ರು ತಮಗ ಬೇಕಾದ ಪೇಪರ್ ಹಿಡ್ಕೊಂಡು ವಾದ ಮಾಡ್ತಾರ. ಎರಡೂ ಕಡೆಯವ್ರು ಸರಿಯಾಗಿನ ಕೆಲಸ ಮಾಡ್ಯಾರ ಅಂತ ನನ್ನ ಅಭಿಪ್ರಾಯ. ಎಷ್ಟು ಹಚ್ಚಿದ್ರು, ಎಷ್ಟು ಹೊತ್ತು ತಿಕ್ಕಿದ್ರು, ವೈರಸ್ ಯಾವುದರೊಳಗ ಕೂತಿತ್ತು ಅನ್ನೂದರ ಮ್ಯಾಲೆ ಫಲಿತಾಂಶ ತಿರುಗಿ ಬೀಳ್ತೈತಿ, ಅದಕ್ಕ ಲ್ಯಾಬಿನ ಕೈಗಿಂತ ನಮ್ಮ ಮನಿ ಕೈ ಹೆಂಗಿರ್ತೈತಿ ಅಂತ ನೋಡ್ಬೇಕು.

ಮನಿ ಕೈ ಅಂದ್ರ ಸಿಂಬಳದ ಕೈ. ನೆಗಡಿ ಬಂದ ಐದಾರು ವರ್ಷದ ಹುಡುಗನ್ನ ಸ್ವಲ್ಪ ಹೊತ್ತು ನೋಡ್ಕೋತ ಕುಂದರ್ರಿ. ಮೂಗು ಸೋರಿದ ಕೂಡ್ಲೆ ಅಂಗೈ ಹಿಂಬದಿಯಿಂದ ಮ್ಯಾಲಕ್ಕೊಮ್ಮೆ ಒರಸ್ತಾನ, ಅದು ಗಲ್ಲದ ತನಕ ಎಳ್ಕೊಂಡು ಹೋಗ್ತೈತಿ, ಉಳಿದಿದ್ದನ್ನ ಬೆರಳಿನಿಂದ ತಿಕ್ಕಿ ಚಡ್ಡಿಗೆ ಹಚ್ಚತಾನ, ಆ ಬೆರಳಿನಿಂದನ ಪೆನ್ಸಿಲ್ ಹಿಡೀತಾನ. ಆ ಕೈ ಹೊಳಿತಿರ್ತೈತಿ, ಅಂಟು ಅಂಟು ಇರ್ತೈತಿ. ಈಗ ಆ ಕೈಮ್ಯಾಲೆ ಒಂದು ಹನಿ ಸ್ಯಾನಿಟೈಸರ್ ಹಾಕ್ರಿ. ಜಪಾನಿನ ಕ್ಯೋಟೋದ ಸಂಶೋಧಕರು 2019ರಾಗ ಕರೆಕ್ಟಾಗಿ ಇಂಥಾ ಪರಿಸ್ಥಿತಿನ ಪರೀಕ್ಷೆ ಮಾಡಿದ್ರು. ಅವ್ರು ತೊಗೊಂಡಿದ್ದು ರೈನೋವೈರಸ್ ಅಲ್ಲ, ಫ್ಲೂ ವೈರಸ್, ಅಂದ್ರ ಆಲ್ಕೋಹಾಲಿಗೆ ಸುಲಭದಾಗ ಸಾಯೂ ಜಾತಿದು. ಅಂಥಾ ವೈರಸ್ಸು ಹಸಿ ಕಫದೊಳಗ ಕೂತು ಬೆರಳ ಮ್ಯಾಲೆ ಇದ್ದಾಗ ಎರಡು ನಿಮಿಷ ಎಥನಾಲ್ ತಗಲಿಸಿದ್ರೂ ಜೀವಂತ ಇತ್ತು, ಪೂರ್ತಿ ಹೋಗ್ಲಿಕ್ಕೆ ಸುಮಾರು ನಾಲ್ಕು ನಿಮಿಷ ಬೇಕಾತು. ಕಾರಣ ಏನಂದ್ರ ಕಫ ಜೆಲ್ ಥರ ಗಟ್ಟಿ, ಆಲ್ಕೋಹಾಲ್ ಅದರೊಳಗ ಇಳಿಯೂದು ನಿಧಾನ, ಮ್ಯಾಲಿನ ಪದರಕ್ಕ ತಗಲಿ ಅಷ್ಟರಾಗ ಹಾರಿ ಹೋಗ್ತೈತಿ. ಅದ ಕಫ ಬೆರಳ ಮ್ಯಾಲೆ ಪೂರ್ತಿ ಒಣಗಿದ ಮ್ಯಾಲೆ ಹಚ್ಚಿದಾಗ 30 ಸೆಕೆಂಡಿನ್ಯಾಗ ವೈರಸ್ ಖಲಾಸ್. ಇನ್ನೊಂದು ಮಾತು ಐತಿ, ನಂಗ ಇದು ಭಾಳ ಮುಖ್ಯ ಅನ್ನಸ್ತೈತಿ: ಹಸಿ ಇರಲಿ ಒಣಗಿರಲಿ, ಹರಿಯೂ ನೀರಿನ ಕೆಳಗ ಕೈ ತಿಕ್ಕಿ ತೊಳದಾಗ, ಸೋಪು ಇಲ್ದನೂ, 30 ಸೆಕೆಂಡಿನೊಳಗ ವೈರಸ್ ಹೋತು.

ನಾಲ್ಕು ನಿಮಿಷ ಯಾರು ಸ್ಯಾನಿಟೈಸರ್ ತಿಕ್ಕತಾರ ಹೇಳ್ರಿ? ಹುಡುಗ್ರಂತೂ ನಾಲ್ಕು ಸೆಕೆಂಡ್ ತಿಕ್ಕಂಗಿಲ್ಲ. ಅದಕ್ಕ ನೆಗಡಿ ವಿಷಯದಾಗ "ಯಾವುದು ಚೊಲೋ ಕೊಲ್ತೈತಿ" ಅನ್ನೂ ಪ್ರಶ್ನೆನ ಬಿಟ್ಟು "ಯಾವುದು ಚೊಲೋ ತೆಗೀತೈತಿ" ಅಂತ ಕೇಳ್ಬೇಕು. ಸೋಪಿನ ಕೆಲಸ ಕೊಲ್ಲೂದಲ್ಲ. ರೈನೋವೈರಸ್ಸನ್ನ ಸೋಪು ಕೊಲ್ತೈತಿ ಅಂತ ತಿಳ್ಕೊಂಡ್ರ ಅದು ತಪ್ಪು, ಆ ಗಟ್ಟಿ ಚಿಪ್ಪಿಗೆ ಸಾದಾ ಸೋಪು ಏನೂ ಮಾಡಂಗಿಲ್ಲ. ಆದ್ರ ವೈರಸ್ ಕೂತಿರೂದು ಸಿಂಬಳದಾಗ, ಚರ್ಮದ ಜಿಡ್ಡಿನ್ಯಾಗ. ಮಿರ್ಚಿ ಭಜಿ ತಿಂದ ಕೈಗೆ ಬರೇ ನೀರು ಸುರದ್ರ ನೀರು ಜಾರಿ ಹೋಗ್ತೈತಿ, ಎಣ್ಣಿ ಹಂಗ ಉಳೀತೈತಿ, ಸೋಪು ಹಚ್ಚಿ ತಿಕ್ಕಿದ್ರ ಎಣ್ಣಿ ಎದ್ದು ನೀರಿನ ಜೋಡಿ ಹೋಗ್ತೈತಿ, ಇಲ್ಲೂ ಅದ ನಡಿಯೂದು. ಜಿಡ್ಡು ಎದ್ದಾಗ ಅದರೊಳಗಿನ ವೈರಸ್ ಸತ್ತಿತ್ತೋ ಬದುಕಿತ್ತೋ ನಮಗ ಸಂಬಂಧ ಇಲ್ಲ, ಅದು ಗಟಾರಕ್ಕ ಹೋತು. ಅದಕ್ಕ ಸೋಪಿನ್ಯಾಗ "ಆಂಟಿಬ್ಯಾಕ್ಟೀರಿಯಲ್" ಅಂತ ಬರದಿದ್ದಕ್ಕ ಹೆಚ್ಚು ರೊಕ್ಕ ಕೊಡೂದು ಬ್ಯಾಡ, ನೆಗಡಿ ತರೂದು ಬ್ಯಾಕ್ಟೀರಿಯಾ ಅಲ್ಲನ ಅಲ್ಲ, ಹತ್ತು ರೂಪಾಯಿ ಸೋಪೂ ಇಷ್ಟ ಕೆಲಸ ಮಾಡ್ತೈತಿ.

ಈಗ ನಮ್ಮ ಊರಿನ ಸಮಸ್ಯೆಗೆ ಬರೂಣು. ಹರಿಯೂ ನೀರು ಅಂತ ಬರಿಯೂದು ಸುಲಭ. ಹುಬ್ಬಳ್ಳಿಯೊಳಗ ಎಷ್ಟೋ ಏರಿಯಾಕ್ಕ ನಳ ಬರೂದ ಹಲವು ದಿನಕ್ಕೊಮ್ಮೆ, ಬಂದ ದಿನ ಬ್ಯಾರಲ್, ಕೊಡ, ಬಕೆಟ್ ಎಲ್ಲಾ ತುಂಬಿ ಇಟ್ಕೋಬೇಕು, ಗದಗ, ಹಾವೇರಿ ಕಡೆನೂ ಬ್ಯಾಸಗಿಯೊಳಗ ಇದ ಹಾಡು. ಅಂಥಾ ಮನ್ಯಾಗ ಕೈ ತೊಳಿಯೂದಂದ್ರ ಬಹಳ ಸಲ ಬಕೆಟ್ಟಿನ್ಯಾಗ ಕೈ ಅದ್ದಿ ಝಾಡಿಸಿ ಬಿಡೂದು. ಇದು ತೊಳದಂಗ ಆಗಂಗಿಲ್ಲ, ಒಬ್ಬನ ಕೈಯಿಂದ ಎದ್ದ ಸಿಂಬಳ ಬಕೆಟ್ಟಿನ ನೀರಿಗೆ ಬಂದು ಮುಂದಿನವ್ರ ಕೈಗೆ ಹೋಗ್ತೈತಿ. ನೀರು ಹರೀಬೇಕು ಅಂದ್ರ ನಳಾನ ಇರ್ಬೇಕು ಅಂತೇನಿಲ್ಲ, ತಂಬಿಗಿಯಿಂದ ಮ್ಯಾಲಿಂದ ಸುರದ್ರೂ ಅದು ಹರಿಯೂ ನೀರ. ಒಂದು ತಂಬಿಗಿ ನೀರು ಸಾಕು: ಮೊದಲು ಸ್ವಲ್ಪ ಸುರಕೊಂಡು ಕೈ ಹಸಿ ಮಾಡ್ಕೊಂಡು ತಂಬಿಗಿ ಕೆಳಗ ಇಟ್ಟು ಬಿಡ್ರಿ, ಸೋಪು ಹಚ್ಚಿ ತಿಕ್ಕೂವಾಗ ನೀರು ಬೇಕಾಗಿಲ್ಲ, ಅಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ಬುಡ ಎಲ್ಲಾ ಸೇರಿ ಒಂದು 20 ಸೆಕೆಂಡ್ ತಿಕ್ರಿ, ಉಳಿದ ನೀರು ಪೂರಾ ತೊಳಿಲಿಕ್ಕೆ ಇರ್ಲಿ. ಸಣ್ಣ ಹುಡುಗ್ರಿದ್ರ ಮತ್ತೊಬ್ರು ನೀರು ಹಾಕ್ಬೇಕು, ಇಲ್ಲಂದ್ರ ಸಿಂಬಳದ ಕೈಯಿಂದನ ತಂಬಿಗಿ ಹಿಡೀತಾರ, ತೊಳದ ಮ್ಯಾಲೆ ಮತ್ತ ಅದನ್ನ ಹಿಡೀತಾರ. ತಪ್ಪು ಹೆಚ್ಚಾಗಿ ಆಗೂದು ಬೆರಳ ತುದಿಯೊಳಗ. ನಾವೆಲ್ಲಾ ಅಂಗೈ ಅಂಗೈ ಭಾರಿ ತಿಕ್ಕತೀವಿ, ಆದ್ರ ಮೂಗಿನ್ಯಾಗ ಹೋಗೂದು, ಕಣ್ಣು ಉಜ್ಜೂದು ಬೆರಳ ತುದಿ. ಇನ್ನೊಂದು ತಪ್ಪು ಟಾವೆಲ್ಲು. ಇಡೀ ಮನಿಗೆ ಒಂದ ಟಾವೆಲ್ ಗೂಟಕ್ಕ ತೂಗಾಕಿರ್ತೈತಿ, ಅದರಿಂದನ ಹುಡುಗನ ಮೂಗು ಒರಸೂದು, ಅದಕ್ಕನ ಕೈ ಒರಸೂದು. ಅಷ್ಟು ಕಷ್ಟಪಟ್ಟು ತೊಳದ ಕೈ ಅಲ್ಲಿಗೆ ಮುಗೀತು. ಅವ್ವನ ಸೆರಗೂ ಅಷ್ಟ, ಪ್ರೀತಿಯಿಂದ ಮೂಗು ಒರಸಿದ ಸೆರಗ ಆಮ್ಯಾಲೆ ರೊಟ್ಟಿ ತಟ್ಟೂ ಕೈಗೂ ಬರ್ತೈತಿ. ನೆಗಡಿ ಇದ್ದ ದಿನಗಳಾಗ ಹಳೆ ಅರವಿ ಹರಿದು ತುಂಡು ಮಾಡಿಟ್ಟು ಒಂದ ಸಲ ಬಳಸಿ ಕುದಿ ನೀರಿಗೆ ಹಾಕಿ ಒಗದ್ರ ಆತು.

ಸ್ಯಾನಿಟೈಸರ್ ಬಿಟ್ಟು ಬಿಡ್ರಿ ಅಂತ ನಾನು ಹೇಳಾಕತ್ತಿಲ್ಲ. ನೋಡಿದ್ರ ಸ್ವಚ್ಛ ಇರೂ, ಒಣಗಿದ ಕೈಗೆ, ಬಸ್ಸಿನ ಕಂಬಿ ಹಿಡಿದು ಇಳದ ಮ್ಯಾಲೆ, ನೀರು ಸಿಗದ ಜಾಗದಾಗ, ಅದಕ್ಕಿಂತ ಚೊಲೋ ಉಪಾಯ ಇಲ್ಲ, ಮತ್ತ ಫ್ಲೂ, ಕೊರೋನಾ ವಿರುದ್ಧ ಅದು ನಂಬಿಗಸ್ತ. ಆದ್ರ ಬಾಟ್ಲಿ ಮ್ಯಾಲೆ ಬರದಿದ್ದನ್ನ ಓದ್ರಿ. ಆಲ್ಕೋಹಾಲ್ ಕನಿಷ್ಠ 60% ಇರ್ಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾದೊಳಗ ಎಥನಾಲ್ 80% ಇಲ್ಲಾ ಐಸೋಪ್ರೊಪೈಲ್ 75% ಐತಿ. 100% ಆದ್ರ ಇನ್ನೂ ಚೊಲೋ ಅಂತ ತಿಳ್ಕೊಬ್ಯಾಡ್ರಿ, ಪ್ರೋಟೀನು ಕೆಡ್ಲಿಕ್ಕೆ ನೀರಿನ ಅಂಶ ಬೇಕ, ಬರೇ ಆಲ್ಕೋಹಾಲ್ ಅಷ್ಟು ಕೆಲಸ ಮಾಡಂಗಿಲ್ಲ. ಒಂದು ಆಫೀಸಿನ ಬಾಗಿಲಿನ್ಯಾಗ ಇಟ್ಟ ಬಾಟ್ಲಿ ಒತ್ತಿದಾಗ ನೀರಿನಂಥದ್ದು ಬಂತು, ಕೈಗೆ ಹಾಕಿದ್ರ ತಂಪೂ ಆಗ್ಲಿಲ್ಲ, ವಾಸನಿನೂ ಇಲ್ಲ, ಒಣಗ್ಲೂ ಇಲ್ಲ. ಅಂದ್ರ ಯಾರೋ ಖಾಲಿ ಆದಾಗೊಮ್ಮೆ ನೀರು ಸೇರಿಸಿ ಇಟ್ಟಾರ. ಇದನ್ನ ಕಂಡು ಹಿಡಿಯೂದು ಸುಲಭ: ಸರಿ ಇದ್ದ ಸ್ಯಾನಿಟೈಸರ್ ಕೈಗೆ ಬಿದ್ದ ಕೂಡ್ಲೆ ಥಣ್ಣಗ ಆಗ್ತೈತಿ, ಎರಡೂ ಕೈ ತುಂಬ ಹಚ್ಕೊಂಡ್ರ 20ರಿಂದ 30 ಸೆಕೆಂಡ್ ಹಸಿ ಇದ್ದು ಆಮ್ಯಾಲೆ ತಾನಾ ಒಣಗ್ತೈತಿ. ಹತ್ತು ಸೆಕೆಂಡಿಗಿಂತ ಮೊದಲ ಒಣಗಿತಂದ್ರ ನೀವು ಹಾಕ್ಕೊಂಡಿದ್ದು ಕಡಿಮಿ ಅಂತ ಅರ್ಥ. ಬೆರಳ ತುದಿಗೆ ಒಂದು ಹನಿ ಹಚ್ಕೊಂಡು ಕೈ ಝಾಡಿಸೂದು ಲೆಕ್ಕಕ್ಕಿಲ್ಲ. ಆಲ್ಕೋಹಾಲ್ ಇಲ್ಲ ಅಂತ ಬರದ ಬಾಟ್ಲಿಗಳು ಬರ್ತಾವು, ಕೈ ಉರಿಯಂಗಿಲ್ಲ ಅಂತ ಹುಡುಗ್ರಿಗೆ ಕೊಡ್ತಾರ, ರೈನೋವೈರಸ್ಸಿನಂಥಾ ಹೊದಿಕಿ ಇಲ್ಲದ ವೈರಸ್ಸಿನ ಮುಂದ ಅವನ್ನ ನೆಚ್ಚಿಕೊಳ್ಳಬ್ಯಾಡ್ರಿ.

ಇಷ್ಟಾದ್ರೂ ಕೈ ಅನ್ನೂದು ಬರೇ ಗಾಡಿ. ಕೈಯಾಗಿನ ಚರ್ಮದಿಂದ ನೆಗಡಿ ವೈರಸ್ ಒಳಗ ಹೋಗಂಗಿಲ್ಲ. ಅದಕ್ಕ ಬೇಕಾಗಿದ್ದು ಮೂಗಿನ ಒಳಗಿನ ಪದರ, ಅಲ್ಲಿಯ ಜೀವಕೋಶದ ಮ್ಯಾಲೆ ಐಕ್ಯಾಮ್-1 ಅಂತ ಒಂದು ಪ್ರೋಟೀನ್ ಇರ್ತೈತಿ, ರೈನೋವೈರಸ್ಸಿನ ಭಾಳ ಬಗಿಗಳು ಅದಕ್ಕ ಅಂಟಿಕೊಂಡು ಒಳಗ ನುಗ್ತಾವು. ಮೂಗಿನ್ಯಾಗ ಬಿದ್ರ ಭಾಳ ಸ್ವಲ್ಪ ವೈರಸ್ ಸಾಕು. ಕಣ್ಣು ಯಾಕ ಅಂತ ಕೇಳ್ತಾರ ಮಂದಿ. ಕಣ್ಣಿನ ಒಳಮೂಲಿಯಿಂದ ಮೂಗಿಗೆ ಕಣ್ಣೀರು ಇಳಿಯೂ ಒಂದು ಸಣ್ಣ ನಾಳ ಐತಿ, ಅತ್ತಾಗ ಮೂಗು ಸೋರೂದು ಅದಕ್ಕನ. ಕಣ್ಣು ಉಜ್ಜಿದ್ರ ಬೆರಳ ಮ್ಯಾಲಿನ ವೈರಸ್ ಕಣ್ಣೀರಿನ ಜೋಡಿ ಅದ ದಾರಿಯಿಂದ ಸೀದಾ ಮೂಗಿಗೆ ಇಳೀತೈತಿ. ಬಾಯಿ ಮಾತ್ರ ರೈನೋವೈರಸ್ಸಿಗೆ ಅಷ್ಟು ಸಲೀಸ ದಾರಿ ಅಲ್ಲ, ಬಾಯಿಂದ ಹತ್ತಲಿಕ್ಕೆ ಮೂಗಿಗಿಂತ ಎಷ್ಟೋ ಪಟ್ಟು ಹೆಚ್ಚು ವೈರಸ್ ಬೇಕು. ನಮ್ಮ ಮಂದಿ ಊಟಕ್ಕ ಮೊದಲು ಕೈ ತೊಳ್ಕೊತಾರ, ಅದು ಹೊಟ್ಟಿ ರೋಗಕ್ಕ ಭಾಳ ಚೊಲೋ, ಆದ್ರ ನೆಗಡಿ ಲೆಕ್ಕದಾಗ ಕಣ್ಣು ಉಜ್ಜೂಕ್ಕಿಂತ ಮೊದಲು, ಮೂಗು ಮುಟ್ಟೂಕ್ಕಿಂತ ಮೊದಲು ತೊಳಿಯೂದು ಅದಕ್ಕಿಂತ ಮುಖ್ಯ, ಮತ್ತ ಆ ಹೊತ್ತಿಗೆ ಯಾರಿಗೂ ಅದರ ನೆನಪ ಇರಂಗಿಲ್ಲ.

ಯಾಕಂದ್ರ ನಾವು ಮುಖ ಮುಟ್ಟಾಕತ್ತೀವಿ ಅಂತ ನಮಗ ಗೊತ್ತ ಆಗಂಗಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯೊಳಗ ಮೆಡಿಕಲ್ ವಿದ್ಯಾರ್ಥಿಗಳನ್ನ ಕ್ಲಾಸಿನ್ಯಾಗ ವಿಡಿಯೋ ಮಾಡಿ ಎಣಿಸಿದ್ರು, 2015ರಾಗ ಅದು ಪ್ರಕಟ ಆತು: ಒಬ್ಬೊಬ್ರು ತಾಸಿಗೆ ಸರಾಸರಿ 23 ಸಲ ಮುಖ ಮುಟ್ಟಿದ್ರು. ಅದರೊಳಗ 44% ಕಣ್ಣು, ಮೂಗು, ಬಾಯಿ, ಅಂದ್ರ ತಾಸಿಗೆ ಸುಮಾರು ಹತ್ತು ಸಲ ವೈರಸ್ ಒಳಗ ಹೋಗೂ ಬಾಗಲಕ್ಕ ಕೈ ಹೋಗಿತ್ತು. ಇವ್ರು ಸೋಂಕಿನ ಪಾಠ ಕಲಿಯೂ ಹುಡುಗ್ರು, ಅವ್ರ ಗತಿನ ಇಷ್ಟು. ತಾಸಿಗೆ ಹತ್ತು ಸಲ ಕೈ ತೊಳಿಯೂದು ಆಗೂ ಮಾತಲ್ಲ, ಅಂದ್ರ ಎಷ್ಟು ತೊಳದ್ರೂ ನಡುವ ಸಂದು ಉಳದ ಉಳೀತೈತಿ.

ಒಂದು ಮನಿ ಸಂಜಿ ಹೊತ್ತು ತೊಗೊಂಡು ಇದನ್ನ ಬಿಡಿಸಿ ನೋಡೂಣು. ಧಾರವಾಡದ ಒಂದು ಮನಿ, ಹುಡುಗಗ ನೆಗಡಿ ಬಂದು ಎರಡನೇ ದಿನ, ವೈರಸ್ ಹೆಚ್ಚು ಹೊರಗ ಬೀಳೂದು ಈ ಮೊದಲಿನ ದಿನಗಳಾಗ. ಮೂಗು ಒರಸಿಕೊಂಡ ಕೈಯಿಂದ ಲೈಟಿನ ಸ್ವಿಚ್ ಹಾಕ್ತಾನ, ಟಿವಿ ರಿಮೋಟ್ ಒತ್ತತಾನ. ವರ್ಜೀನಿಯಾದವರು ನೆಗಡಿ ಇದ್ದವ್ರನ್ನ ಹೋಟೆಲ್ ರೂಮಿನ್ಯಾಗ ಒಂದು ರಾತ್ರಿ ಇರಿಸಿ ಮುಂಜಾನೆ ನೋಡಿದಾಗ ಅವ್ರು ಮುಟ್ಟಿದ 150 ಜಾಗದೊಳಗ 35% ಜಾಗಕ್ಕ ರೈನೋವೈರಸ್ ಹತ್ತಿತ್ತು, ಬಾಗಿಲ ಹಿಡಿ, ಪೆನ್ನು, ಸ್ವಿಚ್ಚು, ರಿಮೋಟು, ನಳದ ಹಿಡಿ. ಆಮ್ಯಾಲೆ ಅವ್ರದ ಸಿಂಬಳವನ್ನ ಅಂಥಾ ಜಾಗಕ್ಕ ಹಚ್ಚಿ ಮುಟ್ಟಿಸಿ ನೋಡಿದ್ರು. ಹಚ್ಚಿ ಒಂದು ತಾಸಾದ ಮ್ಯಾಲೆ ಮುಟ್ಟಿದ್ರ 30ಕ್ಕ 18 ಸಲ ವೈರಸ್ ಬೆರಳಿಗೆ ಬಂತು, ಒಂದು ರಾತ್ರಿ ಕಳದ ಮ್ಯಾಲೆ 30ಕ್ಕ 10 ಸಲ. ಅಂದ್ರ ನಮ್ಮ ಧಾರವಾಡದ ಮನ್ಯಾಗ ಅಪ್ಪ ಆಫೀಸಿನಿಂದ ಬಂದು ಆ ಸ್ವಿಚ್ ಒತ್ತಿದ್ರ ವೈರಸ್ ಬೆರಳಿಗೆ ಬರೂ ಸಾಧ್ಯತಿ ಐತಿ, ಗ್ಯಾರಂಟಿ ಏನಿಲ್ಲ, ಮತ್ತ ಸಿಂಬಳ ಒಣಗಿದಷ್ಟೂ ಆ ಸಾಧ್ಯತಿ ಕಡಿಮಿ ಆಗ್ತೈತಿ. ಇಡೀ ದಿನ ಕಂಪ್ಯೂಟರ್ ನೋಡಿ ದಣಿದ ಕಣ್ಣು, ಕನ್ನಡಕ ತಗದು ಎರಡೂ ಕಣ್ಣು ಉಜ್ಜಕೋತಾನ. ಸರಪಳಿ ಅಲ್ಲಿ ಪೂರ್ಣ ಆತು. ಅವನ ಜೇಬಿನ್ಯಾಗ ಸ್ಯಾನಿಟೈಸರ್ ಇತ್ತು, ಆಫೀಸಿನ್ಯಾಗ ಹಚ್ಕೊಂಡಿದ್ದ, ಮನಿಯೊಳಗ ಬಂದ ಮ್ಯಾಲೆ ಯಾರು ಹಚ್ಕೋತಾರ? ಇಲ್ಲಿ ಸರಪಳಿ ಕಡಿಯೂ ಎಲ್ಲಕ್ಕಿಂತ ಸುಲಭ ಜಾಗ ಹುಡುಗನ ಕೈ, ಅಪ್ಪಂದಲ್ಲ. ಒಬ್ಬನ ಕೈ ಮೂಗು ಒರಸಿದ ಕೂಡ್ಲೆ ತೊಳದ್ರ ಮನಿಯೊಳಗಿನ ಸ್ವಿಚ್, ರಿಮೋಟ್, ಬಾಗಿಲು ಎಲ್ಲಾ ಕಡೆಗೆ ಹರಡೂದು ನಿಲ್ತೈತಿ, ಇಲ್ಲಂದ್ರ ಮನಿ ಮಂದಿ ಎಲ್ಲಾ ದಿನಾ ಪೂರ್ತಿ ಕೈ ತೊಳ್ಕೊಂತ ತಿರುಗಬೇಕಾಗ್ತೈತಿ.

ಕೈಯಿಂದ ಹರಡ್ತೈತಿ ಅನ್ನೂದಕ್ಕ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ವರ್ಜೀನಿಯಾದ್ದ, 1978ರಾಗಿಂದು. ನೆಗಡಿ ಇದ್ದವನ ಸಿಂಬಳ ಹತ್ತಿದ ಕೈಯನ್ನ ಆರೋಗ್ಯವಂತ ಹತ್ತು ಸೆಕೆಂಡ್ ಮುಟ್ಟೂದು, ಆಮ್ಯಾಲೆ ತನ್ನ ಮೂಗು, ಕಣ್ಣು ಮುಟ್ಕೊಳ್ಳೂದು: 15 ಮಂದಿಯೊಳಗ 11 ಮಂದಿಗೆ ಸೋಂಕು ಹತ್ತಿತು. ಅದ ಪ್ರಯೋಗದಾಗ ಎದುರಾ ಬದುರಾ ಕುಂತು ಕೆಮ್ಮಿ, ಹಾಡಿ, ಮಾತಾಡಿದವ್ರೊಳಗ 12ಕ್ಕ ಒಬ್ಬಗಷ್ಟ, ಬರೇ ಗಾಳಿ ಹಂಚಿಕೊಂಡ 10 ಮಂದಿಯೊಳಗ ಒಬ್ಬಗೂ ಇಲ್ಲ. ಇದನ್ನ ನೋಡಿ ನೆಗಡಿ ಅಂದ್ರ ಕೈ ರೋಗ ಅಂತ ಡಾಕ್ಟರ್ರೆಲ್ಲಾ ಮಂದಿಗೆ ಹೇಳ್ಕೋತ ಬಂದ್ರು.

ಆಮ್ಯಾಲೆ 1987ರಾಗ ಅಮೆರಿಕಾದ ವಿಸ್ಕಾನ್ಸಿನ್ ಯೂನಿವರ್ಸಿಟಿಯವರ ಇಸ್ಪೀಟ್ ಪ್ರಯೋಗ ಬಂತು, ಅದು ಲೆಕ್ಕನ ತಿರುವಿ ಹಾಕಿತು. ಬಲವಾಗಿ ನೆಗಡಿ ಹಿಡದ 8 ಮಂದಿ, ಆರೋಗ್ಯ ಇದ್ದ 12 ಮಂದಿ, ಒಂದ ಕೋಣಿಯೊಳಗ 12 ತಾಸು ಇಸ್ಪೀಟ್ ಆಡಿದ್ರು, ಇಂಥಾ ಆಟ ಮೂರು ಸಲ. ಆರೋಗ್ಯವಂತರೊಳಗ ಅರ್ಧ ಮಂದಿಗೆ ಮುಖ ಮುಟ್ಟಲಿಕ್ಕೆ ಆಗದಂಗ ಮಾಡಿದ್ರು, ಒಮ್ಮೆ ಮೊಣಕೈ ಮಡಚದಂಗ ಕೈಗೆ ಪಟ್ಟಿ ಕಟ್ಟಿ, ಇನ್ನೊಮ್ಮೆ ಕುತ್ತಿಗಿಗೆ ಅಗಲವಾದ ಪ್ಲಾಸ್ಟಿಕ್ ಕಾಲರ್ ಹಾಕಿ. ಉಳಿದ ಅರ್ಧ ಮಂದಿ ತಮಗ ಬೇಕಾದಂಗ ಮುಖ ಮುಟ್ಟಬಹುದು. ಮುಖ ಮುಟ್ಟೂದು ದಾರಿ ಆಗಿದ್ರ ಕಾಲರ್ ಹಾಕಿದವ್ರಿಗೆ ನೆಗಡಿ ಬರಬಾರದಿತ್ತು. ಆದ್ರ ಮುಟ್ಟಲಾರದ 18 ಮಂದಿಯೊಳಗ 10 ಮಂದಿಗೆ ಬಂತು, ಮುಟ್ಟಿದ 18 ಮಂದಿಯೊಳಗ 12 ಮಂದಿಗೆ. ಈ ಎರಡರ ವ್ಯತ್ಯಾಸ ಅಷ್ಟು ಸಣ್ಣ ಗುಂಪಿನ್ಯಾಗ ಬರೇ ಅದೃಷ್ಟದಿಂದನೂ ಬರಬಹುದು. ಆಮ್ಯಾಲೆ ಅವ್ರು ಇನ್ನೊಂದು ಮಾಡಿದ್ರು, ಸಿಂಬಳ ಹತ್ತಿ ಅಂಟು ಅಂಟು ಆದ ಆ ಇಸ್ಪೀಟಿನ ಎಲಿಗಳನ್ನ ಬಾಜೂಕಿನ ಕೋಣಿಯೊಳಗ ಬ್ಯಾರೆ 12 ಮಂದಿಗೆ ಕೊಟ್ಟು ಆಡಿಸಿ, ಮುಖ ಬೇಕಂತನ ಮುಟ್ಕೊಳ್ರಿ ಅಂತ ಹೇಳಿದ್ರು. ಒಬ್ಬಗೂ ನೆಗಡಿ ಬರ್ಲಿಲ್ಲ.

ಹಂಗಾರ ಯಾರು ಖರೆ? ನನ್ನ ಮಟ್ಟಿಗೆ ಇಬ್ರೂ ಖರೆ, ಆದ್ರ ಇಬ್ರೂ ಬ್ಯಾರೆ ಬ್ಯಾರೆ ಪರಿಸ್ಥಿತಿ ತೋರಿಸ್ಯಾರ. ವರ್ಜೀನಿಯಾದಾಗ ಸಿಂಬಳ ತಾಜಾ ಇತ್ತು, ಕೈಯಿಂದ ಕೈಗೆ ಸೀದಾ ಹೋತು, ತಕ್ಷಣ ಮೂಗಿಗೆ ಹೋತು. ಇಸ್ಪೀಟಿನ್ಯಾಗ ಅದು ಎಲಿ ಮ್ಯಾಲೆ ಹರಡಿ ಒಣಗಿ ಕಡಿಮಿ ಆಗಿತ್ತು, ಆದ್ರ ಮುಚ್ಚಿದ ಕೋಣಿಯೊಳಗ 12 ತಾಸು ಅದ ಗಾಳಿ ಎಲ್ಲಾರೂ ಎಳ್ಕೊಂಡ್ರು. ತಾಯಿ ಮಗು ನಡುವ ಆಗೂದು ಮೊದಲಿನ ಥರದ್ದು. ಇದಕ್ಕ ಇನ್ನೊಂದು ಸಾಕ್ಷಿನೂ ಐತಿ, 1980ರ ದಶಕದಾಗ ಮನ್ಯಾಗ ಯಾರಿಗರ ನೆಗಡಿ ಬಂದಾಗ ತಾಯಂದ್ರ ಬೆರಳಿಗೆ ಅಯೋಡಿನ್ ದ್ರಾವಣ ಹಚ್ಚಿಸಿದ್ರ ಅವ್ರಿಗೆ ಸೋಂಕು ಕಡಿಮಿ ಆಗಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ಸಿನ್ಯಾಗ ಹೋಗೂವಾಗ ಆಗೂದು ಎರಡನೇ ಥರದ್ದು: ಎಸಿ ಬಸ್ಸು, ಕಿಟಕಿ ಮುಚ್ಚೈತಿ, ಮುಂಜಾನೆ ಗದ್ದಲದಾಗ ನಿಂತವ್ರ ಮೋರಿ ಒಬ್ರಿಗೊಬ್ರು ಹತ್ರ, ಹಿಂದ ಯಾರೋ ಸೀನತಾರ. ಅಲ್ಲಿ ಕೈಗೆ ಎಷ್ಟು ಸ್ಯಾನಿಟೈಸರ್ ಹಚ್ಚಿದ್ರೂ ಮೂಗಿನಿಂದ ಎಳ್ಕೊಂಡ ಗಾಳಿಗೆ ಅದು ತಗಲಂಗಿಲ್ಲ. ನೆಗಡಿ ಇದ್ದವ್ರು ಮಾಸ್ಕ್ ಹಾಕ್ಕೊಂಡ್ರ ಅಲ್ಲಿ ಪ್ರಯೋಜನ.

ಕೈಗೆ ಸ್ಯಾನಿಟೈಸರ್ ಹಚ್ಚೂದರ ಪರಿಣಾಮ ನಿಜವಾದ ಜೀವನದಾಗ ಎಷ್ಟು ಅಂತ ವರ್ಜೀನಿಯಾದವ್ರ 2012ರಾಗ ಅಳದು ನೋಡಿದ್ರು. 212 ಮಂದಿ, ಅದರಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಒಂಬತ್ತು ವಾರ ಎದ್ದಿರೂ ಹೊತ್ತೆಲ್ಲಾ ಮೂರು ತಾಸಿಗೊಮ್ಮೆ ಸ್ಯಾನಿಟೈಸರ್ ಹಚ್ಕೊಂಡ್ರು, ಅದೂ ಸಾದಾ ಅಲ್ಲ, ಎಥನಾಲಿನ ಜೋಡಿ ಸಿಟ್ರಿಕ್, ಮ್ಯಾಲಿಕ್ ಆಸಿಡ್ ಸೇರಿಸಿದ್ದು, ತಾಸುಗಟ್ಟಲೆ ಕೈಮ್ಯಾಲೆ ರೈನೋವೈರಸ್ ಕೊಲ್ಲೂ ಶಕ್ತಿ ಇದ್ದದ್ದು. ಹಚ್ಕೊಂಡವ್ರೊಳಗ ನೂರಕ್ಕ 42 ಮಂದಿಗೆ ರೈನೋವೈರಸ್ ಸೋಂಕು, ಹಚ್ಚದವ್ರೊಳಗ ನೂರಕ್ಕ 51. ಆ ವ್ಯತ್ಯಾಸನೂ ಅದೃಷ್ಟಕ್ಕ ಸಿಗೂವಷ್ಟ ಸಣ್ಣದು. ಲ್ಯಾಬಿನ್ಯಾಗ ಅಷ್ಟು ಗೆದ್ದ ಸ್ಯಾನಿಟೈಸರ್ ಮನಿ-ಆಫೀಸಿನ್ಯಾಗ ಯಾಕ ಸೋತಿತು ಅಂದ್ರ ಗಾಳಿ ದಾರಿ ತೆರದ ಇತ್ತು ಅನ್ನೂದು ನನಗ ಸರಿ ಕಾಣೂ ವಿವರಣೆ. ಸೋಪು ಸ್ಯಾನಿಟೈಸರ್ ಎಲ್ಲಾ ಸೇರಿಸಿ, ಉಸಿರಾಟದ ಸೋಂಕು ಎಲ್ಲಾ ಲೆಕ್ಕ ಹಿಡಿದು, ಕಾಕ್ರೇನ್ ಸಂಸ್ಥೆಯವ್ರು 2023ರಾಗ ಭಾಳ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಕೈ ಸ್ವಚ್ಛತೆಯಿಂದ ಸುಮಾರು 14% ಕಡಿಮಿ ಆಗ್ತೈತಿ ಅಂತ ಬಂತು. ಏಳು ಸಲ ಬರೂ ನೆಗಡಿ ಆರು ಸಲ ಬರ್ತೈತಿ ಅಂತ ತಿಳ್ಕೊರಿ. ಮನ್ಯಾಗ ಆಸ್ತಮಾ ಇದ್ದ ಅಜ್ಜಿ, ಎದಿ ಗುರುಗುಟ್ಟೂ ಸಣ್ಣ ಕೂಸು ಇದ್ರ ಆ ಒಂದು ಸಲ ಕಡಿಮಿ ಆಗೂದು ದೊಡ್ಡ ಮಾತು, ಯಾಕಂದ್ರ ಅಂಥವ್ರಿಗೆ ರೈನೋವೈರಸ್ ಬರೇ ಮೂಗು ಸೋರಿಸಿ ಬಿಡಂಗಿಲ್ಲ, ಉಬ್ಬಸ ಎಬ್ಬಸ್ತೈತಿ.

ಅದಕ್ಕ ಸಾಲಿಗಳಿಗೆ ನಾನು ಕೇಳೂದು ಒಂದ: ಸ್ಯಾನಿಟೈಸರ್ ಬಾಟ್ಲಿ ಕಳಸ್ರಿ ಅನ್ನೂ ಬದಲಿ ಕ್ಲಾಸಿನ ಹೊರಗ ನೀರು, ಸೋಪು, ನೀರು ಹಾಕ್ಲಿಕ್ಕೆ ಒಬ್ರು ಇರೂವಂಗ ಮಾಡ್ರಿ, ಹುಡುಗ ಮೂಗು ಒರಸಿದ ಕೂಡ್ಲೆ "ಹೋಗಿ ತೊಳ್ಕೊಂಡು ಬಾಪಾ" ಅಂತ ಕಳಸ್ರಿ, ಪಾಠ ಎರಡು ನಿಮಿಷ ನಿಂತ್ರ ಏನೂ ಆಗಂಗಿಲ್ಲ. ನೀರ ಇಲ್ಲದ ದಿನ ಸಿಂಬಳವನ್ನ ಮೊದಲು ಕಾಗದ ಇಲ್ಲಾ ಅರವಿಯಿಂದ ಪೂರಾ ಒರಸಿ ತಗದು, ಕೈ ಒಣಗಿದ ಮ್ಯಾಲೆ ಸ್ಯಾನಿಟೈಸರ್ ಎರಡೂ ಕೈ ತುಂಬ ಹಚ್ರಿ, ಹಸಿ ಕೈಗೆ ಹಚ್ಚೂಕ್ಕಿಂತ ಅದು ಎಷ್ಟೋ ಪಾಲು ಚೊಲೋ. ಕಿಟಕಿ ಮಳಿ ಸಿಡೀತೈತಿ ಅಂತ ಪೂರ್ತಿ ಮುಚ್ಚಬ್ಯಾಡ್ರಿ, ಮಳಿ ಬರದ ಕಡೆಯ ಒಂದು ಕಿಟಕಿನಾದ್ರೂ ತೆರದಿರ್ಲಿ, ನಲವತ್ತು ಹುಡುಗ್ರು ಕೂಡೂ ಕೋಣಿಗೆ ಇಸ್ಪೀಟ್ ಪ್ರಯೋಗದ ಕೋಣಿಗಿಂತ ಗಾಳಿ ಹೆಚ್ಚ ಬೇಕು. ಕಣ್ಣು ಕಡಿದ್ರ ಬೆರಳಿನಿಂದ ಉಜ್ಜೂ ಬದಲಿ ಅಂಗಿ ತೋಳಿನ ಮ್ಯಾಲ್ಭಾಗ, ಭುಜದ ಹತ್ರದ್ದು, ಅಲ್ಲಿಂದ ಒರಸ್ಕೊಳ್ಳೂದನ್ನ ಹುಡುಗ್ರಿಗೆ ಕಲಿಸಬಹುದು, ಮುಟ್ಟಬ್ಯಾಡ ಮುಟ್ಟಬ್ಯಾಡ ಅಂತ ಬೈಯೂದಕ್ಕಿಂತ ಅದನ್ನ ಅವ್ರು ಬೇಗ ಹಿಡ್ಕೋತಾರ.